ಕೊನೆಯ ಸಾಲಿನ ಬೋರು

ಅಲಮೇಲು ಸುಮ್ಮನೆ ಕೂತದ್ದನ್ನು ನೋಡಿದವರು ಕಾಲೋನಿಯಲ್ಲಿ ಯಾರೂ ಇಲ್ಲ. ಕಾಫಿ ಕುಡಿಯುವುದೂ ಅವಳಿಗೆ ನಿಂತೇ ಆಗಬೇಕು; ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಕಟ್ಟೆ ಒರೆಸುವ ಬಟ್ಟೆ. ಟೀವಿ ಮುಂದೆ ಕೂತರೆ ಅವರೆಕಾಯಿ ಸುಲಿಯಬೇಕು. ಅವರೆಕಾಯಿ ಸಿಗದ ಕಾಲದಲ್ಲಿ ಬೀರುವಿನ ಸೀರೆಗಳನ್ನೆಲ್ಲ ತೆಗೆದು ಮತ್ತೆ ಮಡಿಸಬೇಕು. ವಿಮಾ ಕಚೇರಿಯಲ್ಲಿ ಗುಮಾಸ್ತೆಯಾಗಿ ದುಡಿದು ನಿವೃತ್ತಳಾದ ಮೇಲೆ ಈ ಚಡಪಡಿಕೆ ಇನ್ನೂ ಹೆಚ್ಚಾಯಿತು ಎಂದು ಅವಳ ಗಂಡ ವೆಂಕಟಾಚಲ ಹೇಳುತ್ತಾನೆ. ಅವನು ಫ್ಯಾಕ್ಟರಿಯಿಂದ ನಿವೃತ್ತನಾದ ದಿನ ವೆರಾಂಡದ ಕುರ್ಚಿಯಲ್ಲಿ ಕೂತವನು ಇನ್ನೂ ಸರಿಯಾಗಿ ಎದ್ದಿಲ್ಲ. ಹಾಗಾಗಿ ಓಡಾಡುವವರ ಬಗ್ಗೆ ಅವನ ಅಭಿಪ್ರಾಯವನ್ನು ಪೂರ್ತಿ ನಂಬುವ ಹಾಗಿಲ್ಲ.

ಇವರ ಕಾಲೋನಿ ಕೆ.ಆರ್.ಪುರದಲ್ಲಿ, ಹಳೇ ಮದ್ರಾಸ್ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುತ್ತದೆ. ಒಂದು ಕಾಲಕ್ಕೆ ಅಷ್ಟೂ ಮುನಿನಾರಾಯಣಪ್ಪನ ಮನೆತನದ ರಾಗಿ ಹೊಲ. ಸೈಟುಗಳಾಗಿ ಮಾರಿದ ಮೇಲೆ ಕೆಳಗಿನ ಕ್ರಾಸಿನಲ್ಲಿ ಅವನಿಗೆ ಉಳಿದದ್ದು ಒಂದು ತುಂಡು ತೋಟ, ಅದರ ಪಕ್ಕ ಮನೆ, ಮನೆಯ ಹಿಂದೆ ಬಾಡಿಗೆಯ ವಠಾರ. ತೋಟದೊಳಗೊಂದು ಬೋರು ಇದೆ. ವಠಾರಕ್ಕೂ ಕೆಳಗಿನ ಕ್ರಾಸಿನ ಮನೆಗಳಿಗೂ ಅದೇ ನೀರು. ಅಲಮೇಲುವಿನ ಮನೆಯಿರುವ ಮೇಲಿನ ಕ್ರಾಸುಗಳಿಗೆ ಸಂಘದ ಬೋರುಗಳಿವೆ, ಅದರಲ್ಲೊಂದು ದೇವಸ್ಥಾನದ ಪಕ್ಕದ್ದು. ನಲ್ಲಿಯಲ್ಲಿ ಕಾವೇರಿ ನೀರು ಬಂದ ದಿನ ಬಂತು, ಬಾರದ ದಿನ ಯಾರನ್ನು ಕೇಳುವುದು?

ಒಂದು ಬೇಸಿಗೆಯಲ್ಲಿ ನೀರು ವಾಸನೆ ಹೊಡೆದು ಸಂಘದ ಸಭೆಯಲ್ಲಿ ದೊಡ್ಡ ಗಲಾಟೆಯಾಯಿತು. ಅಂದಿನಿಂದ ಪ್ರತಿ ತಿಂಗಳು ಒಂದು ಖಾಸಗಿ ಲ್ಯಾಬಿನವರು ಬಂದು ಎಲ್ಲ ಬೋರುಗಳ ನೀರನ್ನು ಬಾಟಲಿಗೆ ಹಿಡಿದುಕೊಂಡು ಹೋಗುವುದು, ಫಲಿತಾಂಶವನ್ನು ಪಂಪ್ ಮನೆಯ ಬೋರ್ಡಿಗೆ ಅಂಟಿಸುವುದು ಎಂದು ತೀರ್ಮಾನವಾಯಿತು. ಆದರೆ ಲ್ಯಾಬಿನ ವರದಿ ಓದುವುದಕ್ಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರಬೇಕು. ಪ್ರಿಂಟ್ ತೆಗೆದು, ಸಹಿ ಸೀಲು ಒತ್ತಿ, ಅದನ್ನು ಓರೆಯಾಗಿ ಸ್ಕ್ಯಾನ್ ಮಾಡಿ ಕಳಿಸುತ್ತಿದ್ದರು. ಅದನ್ನು ಅಚ್ಚುಕಟ್ಟಾದ ಪಟ್ಟಿ ಮಾಡಿಕೊಡಲು ಯಾರಾದರೂ ಮುಂದೆ ಬರುತ್ತೀರಾ ಎಂದು ಅಧ್ಯಕ್ಷರು ಕೇಳಿ ಮುಗಿಸುವ ಮೊದಲೇ ಅಲಮೇಲು ಎದ್ದು ನಿಂತಿದ್ದಳು. ಅವಳು ಹೇಗೂ ನಿಂತೇ ಇದ್ದಳು ಎಂದು ವೆಂಕಟಾಚಲ ಆಮೇಲೆ ತಿದ್ದಿದ.

ಮೊದಲ ತಿಂಗಳು ಅಷ್ಟನ್ನೂ ಕೈಯಲ್ಲೇ ಟೈಪ್ ಮಾಡಿದಳು. ಎರಡನೆಯ ತಿಂಗಳಿಗೆ ಬೇಸರ ಬಂತು. ಪುಣೆಯಲ್ಲಿರುವ ಮಗ ಭಾರ್ಗವ್ ಫೋನಿನಲ್ಲಿ ದಾರಿ ತೋರಿಸಿದ. ಫೋನಿನ ಸ್ಕ್ಯಾನರ್ ಆ್ಯಪ್ ಚಿತ್ರದಲ್ಲಿರುವ ಅಕ್ಷರಗಳನ್ನು ಓದಿ ಎಕ್ಸೆಲ್ ಫೈಲ್ ಮಾಡಿಕೊಡುತ್ತದೆ, ಆದರೆ ಅದು ಕಸಕಡ್ಡಿಯಿಂದ ತುಂಬಿರುತ್ತದೆ. ಕಸ ತೆಗೆಯುವ ಕೆಲಸವನ್ನು ಎಕ್ಸೆಲ್ಲಿನೊಳಗೇ ಇರುವ ಪವರ್ ಕ್ವೆರಿ ಎನ್ನುವುದರಲ್ಲಿ ಒಂದು ಸಲ ಮಾಡಿದರೆ ಸಾಕು. ಮಾಡಿದ ಒಂದೊಂದು ಕೆಲಸವೂ ಒಂದೊಂದು ಸ್ಟೆಪ್ ಆಗಿ ಪರದೆಯ ಬಲಗಡೆ ಸಾಲಾಗಿ ಉಳಿಯುತ್ತದೆ. ಮುಂದಿನ ತಿಂಗಳ ಫೈಲನ್ನು ಅದೇ ಹೆಸರಿನಲ್ಲಿ ಅದೇ ಫೋಲ್ಡರಿಗೆ ಹಾಕಿ ರಿಫ್ರೆಶ್ ಒತ್ತಿದರೆ, ಅಷ್ಟೂ ಸ್ಟೆಪ್‌ಗಳು ತಾವಾಗಿಯೇ ಮೊದಲಿನಿಂದ ನಡೆದು ಹೋಗುತ್ತವೆ.

ಅಲಮೇಲುಗೆ ಇದು ತನಗಾಗಿಯೇ ಯಾರೋ ಮಾಡಿಟ್ಟ ವಸ್ತುವಿನಂತೆ ಕಂಡಿತು. ಲ್ಯಾಬಿನ ವಿಳಾಸ, ಫೋನ್ ನಂಬರು ಇರುವ ಮೇಲಿನ ಸಾಲುಗಳನ್ನು ಕಿತ್ತು ಹಾಕುವುದು ಒಂದು ಸ್ಟೆಪ್. ಅದರ ಕೆಳಗಿನ ಸಾಲನ್ನು ತಲೆಬರಹ ಮಾಡುವುದು ಇನ್ನೊಂದು. ಎರಡನೆಯ ಪುಟದಲ್ಲಿ ಅದೇ ತಲೆಬರಹ ಮತ್ತೆ ನುಸುಳಿರುತ್ತದೆ, ಅದನ್ನು ಶೋಧಿಸಿ ತೆಗೆಯುವುದು ಮತ್ತೊಂದು. ಸೊನ್ನೆ ಇರಬೇಕಾದ ಕಡೆ ಆ್ಯಪ್ ಇಂಗ್ಲಿಷಿನ ಓ ಅಕ್ಷರ ಹಾಕಿರುತ್ತದೆ. ಅಂಕಿಗಳ ಕಾಲಂಗಳಲ್ಲಿ ಅದನ್ನು ಸೊನ್ನೆಗೆ ಬದಲಿಸಿ, ಕೊನೆಗೆ ಇವೆಲ್ಲ ಬರಿಯ ಅಕ್ಷರಗಳಲ್ಲ, ಸಂಖ್ಯೆಗಳು ಎಂದು ಹೇಳಬೇಕು.

ನಡುವೆ ಡಿಟ್ಟೊ ಒಂದಿತ್ತು. ಮೇಲಿನ ಸಾಲಿನಲ್ಲಿ ಇದ್ದದ್ದೇ ಇಲ್ಲೂ ಎಂದು ಹೇಳುವ ಎರಡು ಪುಟ್ಟ ಗೀಟು. ಲ್ಯಾಬಿನ ಟೈಪಿಸ್ಟ್ ಸ್ಥಳದ ಕಾಲಂನಲ್ಲೂ ತಾರೀಖಿನ ಕಾಲಂನಲ್ಲೂ ಒಂದು ಸಲ ಬರೆದು ಕೆಳಗೆಲ್ಲ ಡಿಟ್ಟೊ ಹೊಡೆಯುತ್ತಿದ್ದ. ಆ್ಯಪ್ ಆ ಗೀಟುಗಳನ್ನು ಕೆಲವು ಕಡೆ ಹನ್ನೊಂದು ಎಂದು ಓದುತ್ತಿತ್ತು, ಕೆಲವು ಕಡೆ ಓದದೆ ಖಾಲಿ ಬಿಡುತ್ತಿತ್ತು. ಅಲಮೇಲುಗೆ ನಗು ಬಂತು. ಡಿಟ್ಟೊ ಅವಳ ಸರ್ವಿಸಿನ ಅರ್ಧ ಆಯುಷ್ಯ. ರಿಜಿಸ್ಟರಿನ ಪುಟಗಟ್ಟಲೆ ಡಿಟ್ಟೊ ಹೊಡೆದು ಕೈ ಪಳಗಿದವಳು ಅವಳು. ಅವಸರವಿದ್ದಾಗ ಆ ಎರಡು ಗೀಟನ್ನೂ ಹಾಕುತ್ತಿರಲಿಲ್ಲ. ಖಾಲಿ ಬಿಟ್ಟರೆ ಮೇಲಿನದೇ ಎಂದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಆ ಎರಡು ಕಾಲಂಗಳಲ್ಲಿದ್ದ ಹನ್ನೊಂದುಗಳನ್ನು ಅಳಿಸಿ ಖಾಲಿ ಮಾಡಿದಳು. ಆಮೇಲೆ ಫಿಲ್ ಡೌನ್. ಅದು ಮೇಲಿನ ಖಾನೆಯಲ್ಲಿ ಇದ್ದದ್ದನ್ನು ಕೆಳಗಿನ ಖಾಲಿ ಖಾನೆಗಳಿಗೆ ಇಳಿಸುತ್ತದೆ. ಯಾವ ಕಾಲಂ ಎಂದು ಆರಿಸಿಕೊಳ್ಳಬೇಕು. ಒಂದೊಂದನ್ನೇ ಆರಿಸುತ್ತ ಕೂರುವ ಜಾಯಮಾನ ಅಲಮೇಲುವಿನದಲ್ಲ. ಎಲ್ಲ ಕಾಲಂಗಳನ್ನೂ ಒಟ್ಟಿಗೆ ಹಿಡಿದು ಒಂದೇ ಏಟಿಗೆ ಫಿಲ್ ಡೌನ್ ಒತ್ತಿದಳು. ಸ್ಥಳ ತುಂಬಿತು, ತಾರೀಖು ತುಂಬಿತು. ಉಳಿದ ಕಾಲಂಗಳಲ್ಲಿ ಆ ತಿಂಗಳು ಖಾಲಿ ಎನ್ನುವುದೇ ಇರಲಿಲ್ಲವಾದ್ದರಿಂದ ಏನೂ ಆಗಲಿಲ್ಲ.

ಮೊದಮೊದಲು ಸ್ಕ್ಯಾನಿನ ಮೇಲೆ ಸ್ಕೇಲು ಇಟ್ಟು ಒಂದೊಂದು ಅಂಕಿಯನ್ನೂ ತಾಳೆ ನೋಡುತ್ತಿದ್ದಳು. ಒಂದೂ ತಪ್ಪು ಸಿಗಲಿಲ್ಲ. ಸಿಗದೇ ಹೋದಾಗ ಯಾರಿಗಾದರೂ ಸಾಕೆನಿಸುತ್ತದೆ, ಅಲಮೇಲುಗೆ ಸ್ವಲ್ಪ ಬೇಗ ಸಾಕೆನಿಸಿತು. ಆಮೇಲೆ ಆ್ಯಪಿನಲ್ಲಿ ಓದಿಸುವುದು, ರಿಫ್ರೆಶ್ ಒತ್ತುವುದು, ಪ್ರಿಂಟ್ ತೆಗೆದು ಬೋರ್ಡಿಗೆ ಅಂಟಿಸಿ, ಫೋಟೋವನ್ನು ಕಾಲೋನಿಯ ಗ್ರೂಪಿಗೆ ಹಾಕುವುದು. ಅನ್ನಕ್ಕಿಟ್ಟ ಕುಕ್ಕರ್ ಕೂಗುವುದರೊಳಗೆ ತಿಂಗಳ ಕೆಲಸ ಮುಗಿದಿರುತ್ತಿತ್ತು. ಅಲಮೇಲಮ್ಮನ ಶೀಟು ಬಂತಾ ಎಂದು ಜನ ಕೇಳುವಷ್ಟು ಅದು ಹೆಸರಾಯಿತು. ಆ ಮಾತು ಕಿವಿಗೆ ಬಿದ್ದ ದಿನ ಅವಳ ಅಡುಗೆಗೆ ಉಪ್ಪು ಹದವಾಗಿರುತ್ತಿತ್ತು ಎಂಬುದು ವೆಂಕಟಾಚಲನ ಸಂಶೋಧನೆ.

ಆಷಾಢದ ಒಂದು ಭಾನುವಾರ ಬೆಳಿಗ್ಗೆ ಶ್ವೇತ ಫೋನ್ ಮಾಡಿದಳು. ಶ್ವೇತ ಮುನಿನಾರಾಯಣಪ್ಪನ ಕಿರಿಯ ಮಗಳು, ಬಾಣಂತನಕ್ಕೆ ತವರಿಗೆ ಬಂದಿದ್ದಳು. ಮಗುವಿಗೆ ಎದೆಹಾಲು ಸಾಲುತ್ತಿಲ್ಲ, ಡಬ್ಬಿ ಹಾಲಿನ ಪುಡಿ ಬರೆದುಕೊಟ್ಟಿದ್ದಾರೆ. ಹಲಸೂರಿನ ಡಾಕ್ಟರು ಅದನ್ನು ಕಲಸುವ ನೀರು ಯಾವುದೆಂದು ಕೇಳಿದರಂತೆ. ಬೋರ್ ನೀರು ಎಂದಾಗ, ಅದರಲ್ಲಿ ನೈಟ್ರೇಟ್ ಎಷ್ಟಿದೆ ತಿಳಿದುಕೊಳ್ಳದೆ ಮಗುವಿಗೆ ಹಾಕಬೇಡಿ ಅಂದರಂತೆ. ಹಳೆಯ ಕಕ್ಕಸು ಗುಂಡಿಗಳಿರುವ ಕಡೆ ನೆಲದ ನೀರಿನಲ್ಲಿ ಅದು ಸೇರಿರುತ್ತದೆ, ದೊಡ್ಡವರಿಗೆ ಗೊತ್ತಾಗುವುದಿಲ್ಲ, ಹಸುಗೂಸಿನ ರಕ್ತಕ್ಕೆ ಮಾತ್ರ ಬಹಳ ಕೆಟ್ಟದ್ದು. ಅಲ್ಲಿಯವರೆಗೆ ಅಂಗಡಿಯ ಬಾಟಲಿ ನೀರು ತರಿಸುತ್ತಿದ್ದರು, ಅದು ಅಂದು ಮುಗಿದಿತ್ತು. ನಮ್ಮ ನೀರಿಗೇನಾಗಿದೆ ಎಂದು ಅಮ್ಮ ಬೇರೆ ದಿನಾ ಗೊಣಗುತ್ತಾಳೆ ಎಂದಳು ಶ್ವೇತ.

ಅಲಮೇಲು ಇಂದಿರಾನಗರದ ತಂಗಿಯ ಮನೆಗೆ ಊಟಕ್ಕೆ ಹೊರಟು ಒಂದು ಕಾಲಿಗೆ ಚಪ್ಪಲಿ ಹಾಕಿಯಾಗಿತ್ತು. ನಿಂತಲ್ಲೇ ಫೋನಿನಲ್ಲಿ ಆ ತಿಂಗಳ ಶೀಟಿನ ಫೋಟೋ ತೆಗೆದು ಕೊನೆಯ ಸಾಲು ನೋಡಿದಳು. ಮುನಿನಾರಾಯಣಪ್ಪನ ತೋಟದ ಬೋರು ಯಾವಾಗಲೂ ಕೊನೆಯ ಸಾಲು.

"ಹದಿನೆಂಟು ಚಿಲ್ಲರೆ ಇದೆ ಕಣಮ್ಮ. ನಲವತ್ತೈದರವರೆಗೂ ತೊಂದ್ರೆ ಇಲ್ಲ. ಧೈರ್ಯವಾಗಿ ಕೊಡು."

ಶ್ವೇತಳ ಉಸಿರು ನಿರಾಳವಾದದ್ದು ಫೋನಿನಲ್ಲೇ ಕೇಳಿಸಿತು. ಮಗು ಎದ್ದ ಕೂಡಲೇ ಹಾಗಾದರೆ ಇದರಲ್ಲೇ ಕಲಸುತ್ತೇನೆ ಎಂದು ಹೇಳಿ ಫೋನ್ ಇಟ್ಟಳು. ಅಲಮೇಲು ಇನ್ನೊಂದು ಚಪ್ಪಲಿ ಮೆಟ್ಟಿ, ವೆಂಕಟಾಚಲನಿಗೆ ಹುಳಿ ಬಿಸಿ ಮಾಡಿಕೊಳ್ಳಲು ಹೇಳಿ, ಖುಷಿಯಲ್ಲೇ ಆಟೋ ಹತ್ತಿದಳು.

ಮೆಟ್ರೋ ಸ್ಟೇಷನ್ನಿನ ಕೆಳಗೆ ವೀಳ್ಯದೆಲೆ ಕೊಳ್ಳುತ್ತ ಮುನಿನಾರಾಯಣಪ್ಪ ನಿಂತಿದ್ದ. ಮೊಮ್ಮಗ ಹೇಗಿದ್ದಾನೆ ಎಂದು ವಿಚಾರಿಸಿದಳು. ಅವನು ಮೊಮ್ಮಗನ ವಿಷಯ ಎರಡು ಮಾತಿನಲ್ಲಿ ಮುಗಿಸಿ ತನ್ನ ನುಗ್ಗೆ ಗಿಡಗಳ ವಿಷಯಕ್ಕೆ ಬಂದ. ಯಾರೋ ತೋಟದ ಗೇಟು ತೆರೆದಿಟ್ಟು ಹೋಗಿ, ಹಸುಗಳು ನುಗ್ಗಿ ಎಳೆಯ ಗಿಡಗಳನ್ನೆಲ್ಲ ತಿಂದುಬಿಟ್ಟಿದ್ದವು. ಅವನಿಗೆ ಆ ಸಿಟ್ಟು ಇನ್ನೂ ಆರಿರಲಿಲ್ಲ.

"ಯುಗಾದಿಯಿಂದ ಬೀಗ ಜಡ್ದಿದೀನಿ ಕಣಮ್ಮ. ಒಬ್ರನ್ನೂ ಒಳಗೆ ಬಿಟ್ಟಿಲ್ಲ. ಆ ಬಾಟ್ಲಿ ಹಿಡ್ಕೊಂಡು ಬರ್ತಾನಲ್ಲ, ಅವನ್ಗೂ ಆಮೇಲೆ ಬಾ ಹೋಗು ಅಂದೆ."

ಒಳ್ಳೆಯದು ಮಾಡಿದಿರಿ ಎಂದು ಅಲಮೇಲು ನಕ್ಕು ಎಸ್ಕಲೇಟರ್ ಹತ್ತಿದಳು. ಆ ಮಾತು ಕಿವಿಯಲ್ಲಿ ಇತ್ತೇ ಹೊರತು ತಲೆಗೆ ಇಳಿದಿರಲಿಲ್ಲ. ರೈಲು ಬಂತು, ಬಾಗಿಲು ಮುಚ್ಚಿತು. ಸೀಟು ಖಾಲಿ ಇದ್ದರೂ ಎಂದಿನಂತೆ ಕಂಬ ಹಿಡಿದು ನಿಂತಳು. ರೈಲು ಹೊರಟ ಮೇಲೆ ಇಳಿಯಿತು. ಬಾಟಲಿಯವನು ಒಳಗೇ ಹೋಗಿಲ್ಲ ಎಂದಮೇಲೆ ಹದಿನೆಂಟು ಎಲ್ಲಿಂದ ಬಂತು?

ಫೋಟೋವನ್ನು ಮತ್ತೆ ತೆಗೆದಳು. ಬೆರಳಿನಿಂದ ದೊಡ್ಡದು ಮಾಡಿದಳು. ಕೊನೆಯ ಸಾಲು, ಅದರ ಮೇಲಿನ ದೇವಸ್ಥಾನದ ಬೋರಿನ ಸಾಲು. ನೈಟ್ರೇಟ್ ಎರಡಕ್ಕೂ ಒಂದೇ. ಗಡಸುತನ ಒಂದೇ. ಉಪ್ಪಿನಂಶ ಒಂದೇ, ಚುಕ್ಕಿಯ ಆಚೆಗಿನ ಅಂಕಿಯೂ ಒಂದೇ. ಒಂದು ತಾಯಿಯ ಅವಳಿ ಮಕ್ಕಳೂ ಇಷ್ಟು ಒಂದೇ ತರಹ ಇರುವುದಿಲ್ಲ, ಇವು ಎರಡು ಬೇರೆ ಬೇರೆ ಕೊಳವೆ ಬಾವಿಗಳು. ಹಿಂದಿನ ತಿಂಗಳ ಫೋಟೋ ಹುಡುಕಿದಳು. ಅಲ್ಲೂ ಹಾಗೆಯೇ. ಅದರ ಹಿಂದಿನದೂ ಹಾಗೆಯೇ. ಇಷ್ಟು ದಿನ ಈ ಕಾಗದವನ್ನು ತನ್ನ ಕೈಯಿಂದಲೇ ಅಂಟಿಸಿ, ಮೂಲೆ ಮೇಲೇಳದಂತೆ ಹೆಬ್ಬೆರಳಿನಿಂದ ಒತ್ತಿದ್ದಳು. ಒಮ್ಮೆಯೂ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಶ್ವೇತಳಿಗೆ ಫೋನ್ ಮಾಡಿದಳು. ರಿಂಗ್ ಆಗಿ ಆಗಿ ನಿಂತಿತು. ಮಗು ಮಲಗಿದಾಗ ಶ್ವೇತ ಫೋನನ್ನು ಸೈಲೆಂಟ್ ಮಾಡಿ ಬೇರೆ ಕೋಣೆಯಲ್ಲಿ ಇಡುತ್ತಾಳೆ, ಇದನ್ನು ಅವಳೇ ಒಮ್ಮೆ ಹೇಳಿದ್ದಳು. ವೆಂಕಟಾಚಲನಿಗೆ ಮಾಡಿದಳು. ಅವನೂ ಎತ್ತಲಿಲ್ಲ. ವರ್ಷವೆಲ್ಲ ಕುರ್ಚಿಯಲ್ಲಿ ಕೂತಿರುವ ಮನುಷ್ಯ ಇವತ್ತೇ ಕ್ಷೌರಕ್ಕೆ ಹೋಗಬೇಕೆ! ಮುನಿನಾರಾಯಣಪ್ಪ ಹೇಗೂ ಫೋನ್ ಇಟ್ಟುಕೊಳ್ಳುವವನಲ್ಲ. ಮೆಸೇಜ್ ಬರೆದಳು, ಆ ನೀರು ಬೇಡ, ಕೊಡಬೇಡ ಎಂದು. ಅದರ ಪಕ್ಕ ನೀಲಿ ಗುರುತು ಬರಲೇ ಇಲ್ಲ.

ಮುಂದಿನ ಸ್ಟೇಷನ್ ಬೆನ್ನಿಗಾನಹಳ್ಳಿಯಲ್ಲಿ ಇಳಿದು, ಮೆಟ್ಟಿಲು ಇಳಿದು, ಎದುರಿನ ಪ್ಲಾಟ್‌ಫಾರ್ಮಿಗೆ ಹತ್ತಿ ಬಂದಳು. ಆ ಕಡೆಯ ರೈಲಿಗೆ ಇನ್ನೂ ಹೊತ್ತಿತ್ತು. ಈ ತುದಿಯಿಂದ ಆ ತುದಿಗೆ ನಡೆದಳು, ಮತ್ತೆ ಈ ತುದಿಗೆ. ಹಳದಿ ಗೆರೆ ದಾಟಬೇಡಿ ಎಂದು ಕಾವಲಿನ ಹುಡುಗಿ ಸೀಟಿ ಊದಿದಳು. ಕಾಯಿಸಿ ಆರಿಸಿದ ನೀರಲ್ಲವೇ, ಏನಾಗುತ್ತದೆ ಎಂದು ಒಂದು ಕ್ಷಣ ಸಮಾಧಾನ ತಂದುಕೊಳ್ಳಲು ನೋಡಿದಳು. ಆದರೆ ಅದೂ ಅವಳಿಗೆ ಗೊತ್ತಿತ್ತು. ಕುದಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದದ್ದರಲ್ಲಿ ಅದು ಹೆಚ್ಚಾಗುತ್ತದೆ. ಬೋರ್ಡಿನಲ್ಲಿ ಶೀಟಿನ ಕೆಳಗೆ ದಪ್ಪ ಅಕ್ಷರದಲ್ಲಿ ಅದನ್ನು ಬರೆದು ಹಾಕಿದವಳೇ ಅವಳು.

ಕೆ.ಆರ್.ಪುರದಲ್ಲಿ ಇಳಿದು ಸಿಕ್ಕ ಆಟೋಗೆ ಕೇಳಿದಷ್ಟು ಕೊಡುತ್ತೇನೆಂದು ಹತ್ತಿದಳು. ತೂಗುಸೇತುವೆಯ ಹತ್ತಿರ ಎಂದಿನ ಜಾಮ್. ಭಾನುವಾರವೂ ಈ ಊರಿನವರಿಗೆ ಮನೆಯಲ್ಲಿ ಇರಲಾಗುವುದಿಲ್ಲವೇ ಎಂದು ಬೈದುಕೊಂಡಳು. ತಾನು ಯಾವಾಗ ಮನೆಯಲ್ಲಿ ಕೂತದ್ದು ಎಂಬುದು ಅವಳಿಗೆ ಆಗ ಹೊಳೆಯಲಿಲ್ಲ.

ಮುನಿನಾರಾಯಣಪ್ಪನ ಮನೆಯ ನಡುಮನೆಯಲ್ಲಿ ಅವನ ಹೆಂಡತಿ ಅಣ್ಣಮ್ಮ ಕಾಲು ಚಾಚಿ ಕೂತು ಮೊಮ್ಮಗನನ್ನು ಮಡಿಲಲ್ಲಿ ಹಾಕಿಕೊಂಡಿದ್ದಳು. ಕೈಯಲ್ಲಿ ಹಾಲಿನ ಬಾಟಲಿ. ಮಗುವಿನ ಬಾಯಿಗೆ ನಿಪ್ಪಲ್ ಆಗಲೇ ತಾಗಿತ್ತು. ಅಲಮೇಲು ಚಪ್ಪಲಿ ಬಿಡದೆ ಒಳಗೆ ನುಗ್ಗಿ, ಬಗ್ಗಿ, ಆ ಬಾಟಲಿಯನ್ನು ಕಿತ್ತುಕೊಂಡಳು.

ಮಗು ಕಿರುಚಿತು. ಅಣ್ಣಮ್ಮನ ಮುಖ ನೋಡುವಂತಿರಲಿಲ್ಲ. ಹಸಿದ ಕೂಸಿನ ಬಾಯಿಂದ ಹಾಲು ಕಿತ್ತುಕೊಳ್ಳುವ ಹೆಂಗಸನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಶ್ವೇತ ಒಳಗಿನಿಂದ ಓಡಿ ಬಂದಳು. ಅಲಮೇಲು ಬಾಟಲಿ ಹಿಡಿದುಕೊಂಡೇ ಅವಳ ಕಡೆ ತಿರುಗಿದಳು.

"ಬೆಳಿಗ್ಗೆ ನಾ ಹೇಳಿದ್ನಲ್ಲ ಶ್ವೇತ, ಆ ನಂಬರು ನಿಮ್ಮ ಬೋರಿಂದಲ್ಲ. ನಿಮ್ಮದನ್ನ ಯುಗಾದಿಯಿಂದ ಯಾರೂ ಪರೀಕ್ಷೆನೇ ಮಾಡಿಲ್ಲ. ತಪ್ಪು ನಂದು."

"ನಮ್ಮ ನೀರಿಗೇನಾಗಿದೆ ಅಮ್ಮ? ನಮ್ಮತ್ತೆ ಕಾಲ್ದಿಂದ ಕುಡ್ದಿದೀವಿ," ಎಂದಳು ಅಣ್ಣಮ್ಮ.

ಏನಾಗಿದೆ ಎಂದು ತನಗೆ ಗೊತ್ತಿಲ್ಲ, ಅದೇ ತೊಂದರೆ ಎಂದಳು ಅಲಮೇಲು. ಅಂಗಡಿಗೆ ಓಡಿ ಬಾಟಲಿ ನೀರು ತಂದಳು. ಶ್ವೇತ ಹೊಸದಾಗಿ ಹಾಲು ಕಲಸಿದಳು. ಅಷ್ಟು ಹೊತ್ತೂ ಮಗು ಅತ್ತೇ ಅತ್ತಿತು. ಅಣ್ಣಮ್ಮ ಅಲಮೇಲುವಿನ ಕಡೆ ತಿರುಗಿಯೂ ನೋಡಲಿಲ್ಲ.

ಮನೆಗೆ ಬಂದವಳೇ ಲ್ಯಾಪ್‌ಟಾಪ್ ತೆರೆದಳು. ಪವರ್ ಕ್ವೆರಿಯ ಒಂದು ಗುಣವೆಂದರೆ ಅದು ಏನನ್ನೂ ಮುಚ್ಚಿಡುವುದಿಲ್ಲ. ಬಲಗಡೆಯ ಸಾಲಿನಲ್ಲಿ ಯಾವ ಸ್ಟೆಪ್ ಮುಟ್ಟಿದರೂ ಆ ಹಂತದಲ್ಲಿ ಪಟ್ಟಿ ಹೇಗಿತ್ತೋ ಹಾಗೆಯೇ ತೋರಿಸುತ್ತದೆ. ಅವಳು ಮೇಲಿನಿಂದ ಒಂದೊಂದಾಗಿ ಮುಟ್ಟುತ್ತ ಬಂದಳು. ವಿಳಾಸದ ಸಾಲು ಹೋಯಿತು, ತಲೆಬರಹ ಬಂತು, ಹನ್ನೊಂದುಗಳು ಅಳಿದವು. ಅಲ್ಲಿಯವರೆಗೆ ಮುನಿನಾರಾಯಣಪ್ಪನ ಬೋರಿನ ಸಾಲು ಹೆಸರೊಂದನ್ನು ಬಿಟ್ಟು ಪೂರ್ತಿ ಖಾಲಿ. ಪ್ರತಿ ಖಾನೆಯಲ್ಲೂ ಪುಟ್ಟ ಓರೆ ಅಕ್ಷರದಲ್ಲಿ ನಲ್, ಅಂದರೆ ಇಲ್ಲಿ ಏನೂ ಇಲ್ಲ ಎಂದು. ಅದರ ಮುಂದಿನ ಸ್ಟೆಪ್ ಫಿಲ್ ಡೌನ್. ಮುಟ್ಟಿದಳು. ಕಣ್ಣೆದುರಿಗೇ ಖಾನೆಗಳೆಲ್ಲ ತುಂಬಿಕೊಂಡವು, ದೇವಸ್ಥಾನದ ಬೋರಿನ ಅಂಕಿಗಳಿಂದ.

ಹಿಂದಿನ ಸ್ಟೆಪ್ ಮುಟ್ಟಿದಳು, ಖಾಲಿ. ಮತ್ತೆ ಮುಂದಿನದು, ಹದಿನೆಂಟು. ಎಷ್ಟು ಸಲ ಹಾಗೆ ಮಾಡಿದಳೋ. ಅವಳ ಕಚೇರಿಯಲ್ಲಿ ಖಾಲಿ ಎಂದರೆ ಮೇಲಿನದೇ. ಲ್ಯಾಬಿನವರ ಪಟ್ಟಿಯಲ್ಲಿ ಅಂಕಿಯ ಕಡೆ ಖಾಲಿ ಎಂದರೆ ನೀರು ಸಿಗಲಿಲ್ಲ ಎಂದು. ಮೂಲ ಸ್ಕ್ಯಾನ್ ತೆಗೆದು ನೋಡಿದರೆ ಆ ಸಾಲಿನ ಪಕ್ಕ ಅಂಚಿನಲ್ಲಿ ಪೆನ್ಸಿಲಿನಿಂದ ‘ಗೇಟ್ ಬೀಗ’ ಎಂದು ಬರೆದಿತ್ತು. ಆ್ಯಪ್ ಅದನ್ನು ಓದಿರಲಿಲ್ಲ. ಅವಳೂ ಓದಿರಲಿಲ್ಲ. ಅವಳು ಅಳತೊಡಗಿದಳು, ಅಳುತ್ತಲೇ ಎದ್ದು ನಿಂತು ಟೇಬಲ್ ಒರೆಸಿದಳು.

ವೆಂಕಟಾಚಲ ಹೊಸ ಕ್ಷೌರದ ತಲೆಯೊಂದಿಗೆ ಬಂದು ಎಲ್ಲ ಕೇಳಿಕೊಂಡ. ಮಗುವಿಗೆ ಏನೂ ಆಗಲಿಲ್ಲವಷ್ಟೆ, ಶ್ವೇತಳ ಮನೆಯವರಿಗೆ ಹೇಳಿಯೂ ಆಯಿತು, ಇನ್ನು ಆ ಸ್ಟೆಪ್ ಸರಿ ಮಾಡಿ ಹೊಸ ಶೀಟು ಅಂಟಿಸಿಬಿಡು ಎಂದ. ರಿಫ್ರೆಶ್ ಮಾಡಿದರೆ ಹಳೆಯದು ಹೇಗೂ ಅಳಿದುಹೋಗುತ್ತದೆ, ಯಾರು ತಿರುಗಿ ನೋಡುತ್ತಾರೆ? ಕೆಟ್ಟ ಬುದ್ಧಿಯಿಂದ ಹೇಳಿದ್ದಲ್ಲ. ಹೆಂಡತಿಯ ಹೆಸರು ಕೆಡುವುದು ಅವನಿಗೆ ಬೇಕಿರಲಿಲ್ಲ.

ಅವಳಿಗೂ ಬೇಕಿರಲಿಲ್ಲ. ಅಂಗಳದಲ್ಲಿ ಅತ್ತಿಂದಿತ್ತ ನಡೆದಳು. ತುಳಸಿಗೆ ಎರಡು ಸಲ ನೀರು ಹಾಕಿದಳು. ನಾಳೆ ಗ್ರೂಪಿನಲ್ಲಿ ಯಾರು ಯಾರು ಏನೇನು ಬರೆಯುತ್ತಾರೆ ಎಂಬುದು ಅವಳಿಗೆ ಈಗಲೇ ಅಕ್ಷರ ಅಕ್ಷರ ಗೊತ್ತಿತ್ತು. ಆದರೆ ವಠಾರದಲ್ಲಿ ಇನ್ನೊಬ್ಬಳು ತುಂಬು ಬಸುರಿ ಇದ್ದಳು. ಪಂಪ್ ಮನೆಯ ಮುಂದೆ ಬಿಂದಿಗೆ ಇಳಿಸಿ ಶೀಟು ಓದಿಸಿಕೊಂಡು ಹೋಗುತ್ತಿದ್ದವಳು, ಅಲಮೇಲುವೇ ಓದಿ ಹೇಳಿದ್ದಳು.

ಒಳಗೆ ಬಂದು ಕೂತಳು. ನಿಜವಾಗಿಯೂ ಕೂತಳು. ಫಿಲ್ ಡೌನ್ ಸ್ಟೆಪ್ಪಿನ ಸೂತ್ರದಲ್ಲಿ ಸಾಲಾಗಿ ನಿಂತಿದ್ದ ಕಾಲಂಗಳ ಹೆಸರುಗಳಲ್ಲಿ ಸ್ಥಳ, ತಾರೀಖು ಎರಡನ್ನು ಉಳಿಸಿ ಮಿಕ್ಕವನ್ನೆಲ್ಲ ಅಳಿಸಿದಳು. ಕೊನೆಯಲ್ಲಿ ಹೊಸ ಸ್ಟೆಪ್ ಸೇರಿಸಿದಳು: ನೈಟ್ರೇಟಿನ ಖಾನೆ ಖಾಲಿಯಿದ್ದರೆ ಪಕ್ಕದ ಕಾಲಂನಲ್ಲಿ ‘ಪರೀಕ್ಷೆ ಆಗಿಲ್ಲ’ ಎಂದು ಬರಬೇಕು. ಆಮೇಲೆ ಫೋನಿನಲ್ಲಿ ಉಳಿದಿದ್ದ ಹಳೆಯ ತಿಂಗಳುಗಳ ಕಚ್ಚಾ ಫೈಲುಗಳನ್ನು ಒಂದೊಂದಾಗಿ ಅದೇ ಫೋಲ್ಡರಿಗೆ ಹಾಕಿ ರಿಫ್ರೆಶ್ ಒತ್ತಿದಳು. ಯುಗಾದಿಗೆ ಮುಂಚಿನವುಗಳಲ್ಲಿ ಪ್ರತಿ ಬೋರಿಗೂ ಅದರದರ ಅಂಕಿಯೇ ಇತ್ತು. ಈಚಿನ ಪ್ರತಿಯೊಂದರಲ್ಲೂ ಕೊನೆಯ ಸಾಲಿನ ಎದುರು ಆ ಎರಡು ಪದ ಎದ್ದು ನಿಂತವು.

ಅವಷ್ಟನ್ನೂ ಪ್ರಿಂಟ್ ತೆಗೆದು ಬೋರ್ಡಿಗೆ ಅಂಟಿಸಿದಳು. ಪಕ್ಕದಲ್ಲಿ ಕೈಯಿಂದಲೇ ಬರೆದಳು. ಕೆಳಗಿನ ಕ್ರಾಸಿನ ಬೋರಿಗೆ ಯುಗಾದಿಯಿಂದ ಪರೀಕ್ಷೆ ಆಗಿಲ್ಲ, ಆಗಿದೆ ಎಂದು ತೋರಿಸಿದ್ದು ನನ್ನ ತಪ್ಪು, ಫಲಿತಾಂಶ ಬರುವವರೆಗೆ ಎಳೆಯ ಮಕ್ಕಳಿಗೂ ಬಸುರಿಯರಿಗೂ ಈ ನೀರು ಬೇಡ ಎಂದು. ಕೆಳಗೆ ಪೂರ್ತಿ ಹೆಸರು ಹಾಕಿದಳು. ಬಸುರಿಯ ಮನೆಗೆ ತಾನೇ ಹೋಗಿ ಹೇಳಿ ಬಂದಳು.

ಗ್ರೂಪಿನಲ್ಲಿ ಅವಳು ಎಣಿಸಿದ್ದಕ್ಕಿಂತ ಹೆಚ್ಚೇ ಬಂತು. ಕಂಪ್ಯೂಟರ್ ನಂಬಿದರೆ ಹೀಗೇ ಎಂದ ಒಬ್ಬ. ವಯಸ್ಸಾದವರು ಇಂಥ ಕೆಲಸಕ್ಕೆ ಕೈ ಹಾಕಬಾರದು ಎಂದ ಇನ್ನೊಬ್ಬ. ಅವನೂ ಪಿಂಚಣಿ ತೆಗೆದುಕೊಳ್ಳುವವನೇ. ಅವಳು ಎಲ್ಲವನ್ನೂ ಓದಿ ಫೋನ್ ಕೆಳಗಿಟ್ಟಳು. ಆದರೆ ದಾರಿಯಲ್ಲಿ ಎದುರಾದ ಅಣ್ಣಮ್ಮ ಮುಖ ತಿರುಗಿಸಿಕೊಂಡು ಹೋದಾಗ ಮಾತ್ರ ಅವಳು ಮರೆಯಾಗುವವರೆಗೂ ತಿರುಗಿ ನೋಡುತ್ತ ನಿಂತಳು.

ಮುನಿನಾರಾಯಣಪ್ಪ ಮನೆಯವರೆಗೆ ಬಂದು ಕೂಗಾಡಿ ಹೋದ. ತನ್ನ ನೀರಿಗೆ ಕೆಟ್ಟ ಹೆಸರು ತಂದಳು ಎಂಬುದು ಅವನ ದೂರು. ಅಲಮೇಲು ಅಷ್ಟನ್ನೂ ಕೇಳಿಸಿಕೊಂಡು, ನಾಳೆ ಬಾಟಲಿಯವನು ಬರುತ್ತಾನೆ, ಬೀಗದ ಕೈ ಕೊಡಿ ಎಂದಷ್ಟೇ ಕೇಳಿದಳು. ಅವನು ಕೊಡಲಿಲ್ಲ. ಮರುದಿನ ತಾನೇ ಬಂದು ಗೇಟು ತೆರೆದು, ನುಗ್ಗೆ ಗಿಡಗಳಿಗೆ ಬೆನ್ನು ಹಾಕಿ ನಿಂತುಕೊಂಡ. ಲ್ಯಾಬಿನವನು ನಲ್ಲಿಯನ್ನು ಒಂದಷ್ಟು ಹೊತ್ತು ಹರಿಯಬಿಟ್ಟು ಬಾಟಲಿ ತುಂಬಿ ಚೀಟಿ ಅಂಟಿಸುವವರೆಗೂ ಅಲಮೇಲು ಅವನ ಪಕ್ಕವೇ ನಿಂತಿದ್ದಳು, ಆಮೇಲೆ ಮೇಲಿನ ಕ್ರಾಸುಗಳ ಬೋರುಗಳಿಗೂ ಅವನ ಜೊತೆಯಲ್ಲೇ ಹೋದಳು.

ವರದಿ ಬಂದ ದಿನ ಸ್ಕ್ಯಾನ್ ಎಂದಿನಂತೆ ಓರೆಯಾಗಿಯೇ ಇತ್ತು. ಆ್ಯಪಿನಲ್ಲಿ ಓದಿಸಿ, ರಿಫ್ರೆಶ್ ಒತ್ತಿ, ಸ್ಕೇಲು ಇಟ್ಟುಕೊಂಡು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ತಾಳೆ ನೋಡಿದಳು. ಕುಕ್ಕರ್ ಕೂಗಿ ಕೂಗಿ ಅನ್ನ ಮುದ್ದೆಯಾಯಿತು. ಮೇಲಿನ ಸಾಲುಗಳಲ್ಲೆಲ್ಲ ನೈಟ್ರೇಟ್ ನಲವತ್ತೈದರ ಒಳಗಿತ್ತು, ಕೊನೆಯ ಸಾಲಿನಲ್ಲಿ ತೊಂಬತ್ತರ ಮೇಲಿತ್ತು. ಸ್ಕ್ಯಾನಿನಲ್ಲೂ ಅಷ್ಟೇ ಇತ್ತು. ಶ್ವೇತಳಿಗೆ ಫೋನ್ ಮಾಡಿ ಹೇಳಿದಳು. ವಠಾರದ ಬಸುರಿಗೂ ಹೋಗಿ ಹೇಳಿ, ಶೀಟನ್ನು ಬೋರ್ಡಿಗೆ ಅಂಟಿಸಿ ಬಂದಳು.

ಸಂಜೆ ಗೇಟಿನ ಸದ್ದಾಯಿತು. ಅಣ್ಣಮ್ಮ ಸೊಂಟದಲ್ಲಿ ಸ್ಟೀಲಿನ ಬಿಂದಿಗೆ ಇಟ್ಟುಕೊಂಡು ಬಂದಿದ್ದಳು. ಕೂರಿ ಎಂದರೆ ಕೂರಲಿಲ್ಲ. ಕಾಫಿ ಎಂದರೆ ಬೇಡ ಅಂದಳು. ಅಂಗಳದಲ್ಲಿದ್ದ ಸಂಘದ ಬೋರಿನ ನಲ್ಲಿಯನ್ನೇ ನೋಡುತ್ತ ನಿಂತಳು.

"ಇದು ಪರೀಕ್ಷೆ ಆಗಿರೋದಾ?"

"ಆಗಿದೆ ಅಣ್ಣಮ್ಮ. ನಾನೇ ನಿಂತು ಹಿಡಿಸಿದೀನಿ, ನಾನೇ ತಾಳೆ ನೋಡಿದೀನಿ."

ಅಣ್ಣಮ್ಮ ಬಿಂದಿಗೆಯನ್ನು ಅವಳ ಕೈಗೆ ಕೊಟ್ಟಳು. ಅಲಮೇಲು ಅದನ್ನು ಎರಡು ಸಲ ತೊಳೆದು ನಲ್ಲಿಯ ಕೆಳಗೆ ಇಟ್ಟಳು. ನೀರು ಸಣ್ಣಗೆ ಬರುತ್ತಿತ್ತು. ತುಂಬುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದರು.